ಪ್ರೋಬ್ ಏಳು ಅಂದರೆ ನಂಬಬೇಕೇ?

ಗಾಜಿನ ಗುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವ ಪಿಎಚ್ ಪ್ರೋಬನ್ನು ನಿಂಬೆರಸಕ್ಕೆ ಅದ್ದಿ ನೋಡಿ. ಸಾಮಾನ್ಯವಾಗಿ ಏಳರ ಆಸುಪಾಸು ತೋರಿಸುತ್ತದೆ. ತೆಗೆದು ಸೋಪಿನ ನೀರಿಗೆ ಅದ್ದಿದರೆ ಆಗಲೂ ಏಳೇ. ಸತ್ತ ಗಡಿಯಾರ ನಿಂತಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ, ಸತ್ತ ಪ್ರೋಬ್ ಹಾಗಲ್ಲ. ಅದು ತೋರಿಸುವ ಅಂಕಿ ನಂಬುವ ಹಾಗೇ ಇರುತ್ತದೆ. ಕೈಯಲ್ಲಿ ಹಿಡಿದು ಅಳೆಯುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ, ಇವತ್ತಲ್ಲ ನಾಳೆ ಅನುಮಾನ ಬಂದೇ ಬರುತ್ತದೆ. ಆದರೆ ಅದೇ ಪ್ರೋಬಿನ ಮಾತು ಕೇಳಿ ಆಸಿಡ್ ಸುರಿಯುವ ಪುಟ್ಟ ಪಂಪೊಂದು ಜೊತೆಗಿದ್ದರೆ ಕಥೆ ಬೇರೆ. ಕಂಟ್ರೋಲರಿಗೆ 5.8 ಇರಬೇಕು ಎಂದು ಹೇಳಿಟ್ಟಿದ್ದೀರಿ, ಪ್ರೋಬ್ 7 ಎನ್ನುತ್ತಿದೆ, ಪಂಪ್ ಆಸಿಡ್ ಹಾಕುತ್ತದೆ. ಪ್ರೋಬ್ ಮತ್ತೆ 7 ಎನ್ನುತ್ತದೆ, ಪಂಪ್ ಮತ್ತೆ ಹಾಕುತ್ತದೆ. ಬೆಳಗಾಗುವಷ್ಟರಲ್ಲಿ ಬಾಟಲಿ ಖಾಲಿ, ಲೆಟ್ಯೂಸಿನ ಬೇರು ಕಂದು.

ತಾರಸಿಯ ಮೇಲೆ ಪೈಪುಗಳನ್ನು ಜೋಡಿಸಿ, ಕೆಳಗೆ ನೂರು ಲೀಟರಿನ ಡ್ರಮ್ ಇಟ್ಟು ಸೊಪ್ಪು ಬೆಳೆಯುವವರು ಬೆಂಗಳೂರಿನಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಶುರುವಿನಲ್ಲಿ ಎಲ್ಲರೂ ದಿನಕ್ಕೊಮ್ಮೆ ಪಿಎಚ್ ನೋಡಿ, ಸಿರಿಂಜಿನಲ್ಲಿ ಆಸಿಡ್ ಹಾಕಿ, ಪೋಷಕ ದ್ರಾವಣ ಅಳೆದು ಸುರಿಯುತ್ತಾರೆ. ನಾಲ್ಕು ದಿನ ಊರಿಗೆ ಹೋಗಬೇಕಾದಾಗ ಡೋಸಿಂಗ್ ಪಂಪಿನ ಯೋಚನೆ ಬರುತ್ತದೆ. ಪಂಪು, ಪ್ರೋಬು, ಸಣ್ಣ ಕಂಟ್ರೋಲರ್ ಎಲ್ಲವೂ ಆನ್‌ಲೈನಿನಲ್ಲಿ ಸಿಗುತ್ತವೆ. “ಕ್ಯಾಲಿಬ್ರೇಟ್ ಮಾಡಿಯೇ ಕಳಿಸ್ತೀವಿ ಸಾರ್, ನೀವು ನೀರಿಗೆ ಹಾಕಿದರೆ ಸಾಕು” ಎಂದು ಮಾರುವವರು ಹೇಳುತ್ತಾರೆ. ಆ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ಕಾರ್ಖಾನೆಯಲ್ಲಿ ಹೊಂದಿಸಿದ ಪ್ರೋಬ್ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತು, ಲಾರಿಯಲ್ಲಿ ಕುಲುಕಿ ನಿಮ್ಮ ಮನೆ ತಲುಪುವಾಗ ಅದೇ ಸ್ಥಿತಿಯಲ್ಲಿ ಇರುವುದಿಲ್ಲ.

ಮಣ್ಣಿನಲ್ಲಿ ಬೆಳೆಯುವವರಿಗೆ ಈ ತಲೆನೋವು ಇಷ್ಟಿಲ್ಲ. ಜೇಡಿಯೂ ಸಾವಯವ ಅಂಶವೂ ಹುಳಿ ಏರಿಳಿಯದಂತೆ ತಡೆದು ಹಿಡಿಯುತ್ತವೆ. ಡ್ರಮ್ಮಿನ ನೀರಿಗೆ ಅಂಥ ಆಸರೆ ಕಡಿಮೆ. ಲೆಟ್ಯೂಸಿನಂಥ ಸೊಪ್ಪಿಗೆ ನೀರಿನ ಪಿಎಚ್ 5.5ರಿಂದ 6.5ರ ಒಳಗಿದ್ದರೆ ಒಳ್ಳೆಯದು. ಏಳು ದಾಟಿದರೆ ನೀರಿನಲ್ಲಿ ಕಬ್ಬಿಣದ ಅಂಶ ಇದ್ದೂ ಗಿಡಕ್ಕೆ ದಕ್ಕುವುದಿಲ್ಲ. ಆಗ ಎಳೆಯ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನಾಲ್ಕೂವರೆಗಿಂತ ಕೆಳಗೆ ಹೋದರೆ ಬೇರಿಗೇ ಪೆಟ್ಟು. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಹಾಗಾಗಿ ಪ್ರೋಬ್ ಅರ್ಧ ಅಂಕಿ ತಪ್ಪು ತೋರಿಸಿದರೂ ನಿಜವಾದ ಹುಳಿಯ ಲೆಕ್ಕ ಸುಮಾರು ಮೂರು ಪಟ್ಟು ತಪ್ಪಿರುತ್ತದೆ.

ಸತ್ತ ಪ್ರೋಬ್ ಏಳನ್ನೇ ಯಾಕೆ ಹೇಳುತ್ತದೆ ಎಂಬುದಕ್ಕೆ ಉತ್ತರ ಅದರ ರಚನೆಯಲ್ಲೇ ಇದೆ. ಪ್ರೋಬಿನ ತುದಿಯಲ್ಲಿರುವುದು ವಿಶೇಷ ಗಾಜಿನ ತೆಳು ಗುಂಡು. ಅದರೊಳಗೆ ಗೊತ್ತಿರುವ ಹುಳಿಯ ದ್ರಾವಣ, ಹೊರಗೆ ನಿಮ್ಮ ಡ್ರಮ್ಮಿನ ನೀರು. ಒಳಗೂ ಹೊರಗೂ ಇರುವ ಹುಳಿಯ ವ್ಯತ್ಯಾಸಕ್ಕೆ ತಕ್ಕಂತೆ ಗಾಜಿನ ಎರಡು ಮಗ್ಗುಲುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 25 ಡಿಗ್ರಿ ಉಷ್ಣಾಂಶದಲ್ಲಿ ಒಂದು ಪಿಎಚ್ ಅಂಕಿಗೆ ಸುಮಾರು 59 ಮಿಲಿವೋಲ್ಟ್. ಒಳಗಿನ ದ್ರಾವಣವನ್ನು ಹೇಗೆ ಆರಿಸಿರುತ್ತಾರೆಂದರೆ, ಹೊರಗೆ ಪಿಎಚ್ ಏಳು ಇದ್ದಾಗ ವೋಲ್ಟೇಜ್ ಸೊನ್ನೆಯಾಗಬೇಕು. ಹುಳಿ ಹೆಚ್ಚಾದರೆ ಅದು ಧನ, ಕ್ಷಾರ ಹೆಚ್ಚಾದರೆ ಋಣ. ಗಾಜು ಒಡೆದಾಗ ಒಳಗಿನ ದ್ರಾವಣವೂ ಹೊರಗಿನ ನೀರೂ ಬಿರುಕಿನ ಮೂಲಕ ಸೇರಿಕೊಂಡು ವೋಲ್ಟೇಜ್ ಹುಟ್ಟುವುದೇ ಇಲ್ಲ. ಮೀಟರಿಗೆ ಕಾಣುವುದು ಸೊನ್ನೆ, ಅದು ಬರೆಯುವುದು ಏಳು. ಕೇಬಲಿನ ಒಳಗೆ ಎರಡು ತಂತಿಗಳು ತಾಗಿಕೊಂಡರೂ ಇದೇ ಫಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಗಾಜಿನ ಮೂಲಕ ಹರಿಯುವ ವಿದ್ಯುತ್ತು ಎಷ್ಟು ಕ್ಷೀಣವೆಂದರೆ, ಅದನ್ನು ಅಳೆಯುವ ಸುಲಭದ ದಾರಿ ಬಹಳ ಕಾಲ ಸಿಕ್ಕಿರಲಿಲ್ಲ. ಪಿಎಚ್ ಎಂಬ ಅಳತೆಯನ್ನು ಡೆನ್ಮಾರ್ಕಿನ ಸೋರೆನ್ಸೆನ್ 1909ರಲ್ಲೇ ಕೊಟ್ಟಿದ್ದರು, ಗಾಜಿನ ಎಲೆಕ್ಟ್ರೋಡ್ ಕೂಡ ಹೆಚ್ಚುಕಡಿಮೆ ಆ ಕಾಲದ್ದೇ. ಆದರೆ ಅದನ್ನು ಮೇಜಿನ ಮೇಲಿಟ್ಟು ಯಾರು ಬೇಕಾದರೂ ಬಳಸಬಹುದಾದ ಯಂತ್ರವಾದದ್ದು 1934ರಲ್ಲಿ. ಕ್ಯಾಲಿಫೋರ್ನಿಯಾದ ನಿಂಬೆ ಬೆಳೆಗಾರರ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಗೆಳೆಯನಿಗೆ ನಿಂಬೆರಸದ ಹುಳಿ ಅಳೆಯಬೇಕಿತ್ತು. ಅವನಿಗಾಗಿ ಆರ್ನಲ್ಡ್ ಬೆಕ್‌ಮನ್ ಎಂಬ ರಸಾಯನಶಾಸ್ತ್ರಜ್ಞ ವ್ಯಾಕ್ಯೂಮ್ ಟ್ಯೂಬಿನ ಆಂಪ್ಲಿಫೈಯರ್ ಜೋಡಿಸಿ ಮೀಟರ್ ಕಟ್ಟಿಕೊಟ್ಟ. ಸಂಕೇತ ಅಷ್ಟು ಕ್ಷೀಣವಾದ್ದರಿಂದಲೇ ಪ್ರೋಬಿನ ಕನೆಕ್ಟರಿನೊಳಗೆ ಒಂದಿಷ್ಟು ತೇವ ಸೇರಿದರೂ ಅದು ಸೋರಿಹೋಗುತ್ತದೆ. ಮಳೆಗಾಲದಲ್ಲಿ ತಾರಸಿಯ ಮೀಟರುಗಳು ಇದ್ದಕ್ಕಿದ್ದಂತೆ ಏಳರತ್ತ ಜಾರುವುದಕ್ಕೆ ಎಷ್ಟೋ ಸಲ ಈ ತೇವವೇ ಕಾರಣ. ಕನೆಕ್ಟರನ್ನು ಒರೆಸಿ, ಪೂರ್ತಿ ಒಣಗಿಸಿ, ಮುಚ್ಚಿದ ಡಬ್ಬಿಯೊಳಗೆ ಇಡುವುದೇ ಮದ್ದು.

ಈಗ ಕ್ಯಾಲಿಬ್ರೇಷನ್. ಪಿಎಚ್ ಎಷ್ಟೆಂದು ಖಚಿತವಾಗಿ ಗೊತ್ತಿರುವ ದ್ರಾವಣಕ್ಕೆ ಪ್ರೋಬನ್ನು ಅದ್ದಿ ‘ಇದು ಇಷ್ಟು’ ಎಂದು ಮೀಟರಿಗೆ ಕಲಿಸುವುದೇ ಅದು. ಆ ದ್ರಾವಣಕ್ಕೆ ಬಫರ್ ಎನ್ನುತ್ತಾರೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ಪುಡಿಯ ಸಣ್ಣ ಪ್ಯಾಕೆಟ್. ಹೆಚ್ಚಾಗಿ 4.01, 6.86, 9.18 ಎಂಬ ಮೂರು ಬರುತ್ತವೆ. ಹೈಡ್ರೋಪೋನಿಕ್ಸಿಗೆ ಮೊದಲ ಎರಡು ಸಾಕು, ನಮ್ಮ ನೀರು ಓಡಾಡುವುದು ಅವೆರಡರ ನಡುವೆಯೇ. ಪ್ಯಾಕೆಟ್ಟಿನ ಮೇಲೆ ಬರೆದಷ್ಟು ಡಿಸ್ಟಿಲ್ಡ್ ವಾಟರಿನಲ್ಲಿ, ಹೆಚ್ಚಾಗಿ ಅದು 250 ಮಿ.ಲೀ. ಇರುತ್ತದೆ, ಪುಡಿಯ ಕಣವೊಂದೂ ಉಳಿಯದಂತೆ ಕರಗಿಸಬೇಕು. ನಲ್ಲಿ ನೀರು ಬೇಡ. ಅದರಲ್ಲಿರುವ ಬೈಕಾರ್ಬನೇಟ್ ಬಫರನ್ನೇ ಅಷ್ಟಿಷ್ಟು ಎಳೆದಾಡುತ್ತದೆ, ಆಮೇಲೆ ಅಳತೆಗೋಲೇ ಸೊಟ್ಟಗಾದಂತೆ.

ಬಾಟಲಿಯಿಂದ ಸಣ್ಣ ಲೋಟಕ್ಕೆ ಪ್ರೋಬಿನ ಗುಂಡು ಮುಳುಗುವಷ್ಟು 6.86ರ ಬಫರ್ ಸುರಿದುಕೊಳ್ಳಿ. ಪ್ರೋಬನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಟಿಶ್ಯೂ ಕಾಗದವನ್ನು ತಾಗಿಸಿ ಹನಿ ಹೀರಿಸಿ. ಉಜ್ಜಬೇಡಿ, ಉಜ್ಜಿದರೆ ಗಾಜಿನ ಮೇಲೆ ಸ್ಥಿರ ವಿದ್ಯುತ್ತು ಕೂತು ಓದು ಸ್ವಲ್ಪ ಹೊತ್ತು ಅಲುಗಾಡುತ್ತದೆ. ಬಫರಿನಲ್ಲಿ ಅದ್ದಿ ಒಮ್ಮೆ ಮೆಲ್ಲಗೆ ತಿರುಗಿಸಿ ಬಿಟ್ಟುಬಿಡಿ. ಅಂಕಿ ನಿಲ್ಲಲು ಒಂದೆರಡು ನಿಮಿಷ ಕೊಡಿ. ಇಲ್ಲಿ ಎಲ್ಲರೂ ಮಾಡುವ ಕೆಲಸವೆಂದರೆ, ಅಂಕಿ ನಿಂತ ಕೂಡಲೇ ಗುಂಡಿ ಒತ್ತುವುದು. ಒತ್ತುವ ಮುಂಚೆ ಒಂದು ಕೆಲಸವಿದೆ: ಮೀಟರ್ ತಾನಾಗಿ ಎಷ್ಟು ತೋರಿಸುತ್ತಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮಿಲಿವೋಲ್ಟ್ ತೋರಿಸುವ ಮೀಟರಾದರೆ ಅದನ್ನೇ ಬರೆಯಿರಿ. ಆಮೇಲೆ ಮತ್ತೆ ತೊಳೆದು 4.01ರಲ್ಲಿ ಇದನ್ನೇ ಮಾಡಿ. ಕೆಲಸ ಮುಗಿದ ಮೇಲೆ ಲೋಟದಲ್ಲಿ ಉಳಿದ ಬಫರನ್ನು ಬಾಟಲಿಗೆ ವಾಪಸು ಸುರಿಯದೆ ಚೆಲ್ಲಿಬಿಡಿ.

ಬರೆದುಕೊಳ್ಳುವುದರ ಮೇಲೆ ಇಷ್ಟು ಒತ್ತು ಯಾಕೆಂದರೆ, ಗುಂಡಿ ಒತ್ತಿದ ಮೇಲೆ ಪ್ರೋಬಿನ ಕಾಯಿಲೆ ಮುಚ್ಚಿಹೋಗುತ್ತದೆ. ಮುದಿ ಪ್ರೋಬ್ ಒಂದಂಕಿಗೆ 59ರ ಬದಲು 45 ಮಿಲಿವೋಲ್ಟ್ ಕೊಟ್ಟರೂ ಎಷ್ಟೋ ಅಗ್ಗದ ಮೀಟರುಗಳು ಅದನ್ನು ಒಪ್ಪಿಕೊಂಡು, ಗೆರೆಯನ್ನು ಹಿಗ್ಗಿಸಿ, ಸರಿಯಾದ ಅಂಕಿಯನ್ನೇ ತೋರಿಸುತ್ತವೆ. ಆ ಹೊತ್ತಿಗೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಮುಂದಿನ ವಾರದ ಹೊತ್ತಿಗೆ ಪ್ರೋಬ್ ಇನ್ನಷ್ಟು ಸೋತಿರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ನೀರು, ಬಫರು ಎರಡೂ 28 ಡಿಗ್ರಿಯಲ್ಲಿವೆ ಎಂದುಕೊಳ್ಳಿ. 6.86ರ ಬಫರಿನಲ್ಲಿ ಮೀಟರು ಋಣ 5 ಮಿಲಿವೋಲ್ಟ್ ತೋರಿಸಿತು, 4.01ರಲ್ಲಿ ಧನ 157. ಎರಡರ ಅಂತರ 162 ಮಿಲಿವೋಲ್ಟ್. ಬಫರುಗಳ ಅಂತರ 2.85 ಅಂಕಿ. ಭಾಗಿಸಿದರೆ ಅಂಕಿಗೆ ಸುಮಾರು 56.8 ಮಿಲಿವೋಲ್ಟ್ ಬಂತು. 28 ಡಿಗ್ರಿಯಲ್ಲಿ ಹೊಸ ಪ್ರೋಬ್ ಕೊಡಬೇಕಾದದ್ದು 59.8. ಅಂದರೆ ಇದು ನೂರಕ್ಕೆ 95ರಷ್ಟು ಗಟ್ಟಿಯಿದೆ, ಧಾರಾಳವಾಗಿ ಬಳಸಬಹುದು. ಇದೇ ಲೆಕ್ಕ ನೂರಕ್ಕೆ 85ಕ್ಕಿಂತ ಕೆಳಗೆ ಬಂದರೆ ಮೊದಲು ತೊಳೆದು ನೋಡಬೇಕು, ಆಗಲೂ ಏರದಿದ್ದರೆ ಹೊಸದು ತರಬೇಕು. ಏಳರಲ್ಲಿ ಸೊನ್ನೆ ಬರಬೇಕಾದ ಜಾಗದಲ್ಲಿ 30 ಮಿಲಿವೋಲ್ಟಿಗಿಂತ ಹೆಚ್ಚು ಆಚೀಚೆಯಾದರೂ ಅದರ ಆಯಸ್ಸು ಮುಗಿಯುತ್ತಾ ಬಂದಿದೆ ಎಂದೇ ತಿಳಿಯಬೇಕು. ಮಿಲಿವೋಲ್ಟ್ ತೋರಿಸದ ಮೀಟರಾದರೆ ಇನ್ನೊಂದು ಲಕ್ಷಣ ಹಿಡಿಯಬಹುದು: ಒಂದು ಬಫರಿನಿಂದ ಇನ್ನೊಂದಕ್ಕೆ ಹಾಕಿದಾಗ ಅಂಕಿ ಎಷ್ಟು ಬೇಗ ನೆಲೆಗೊಳ್ಳುತ್ತದೆ ಎಂಬುದು. ಮೊದಲು ಅರ್ಧ ನಿಮಿಷದಲ್ಲಿ ನಿಲ್ಲುತ್ತಿದ್ದದ್ದು ಈಗ ಐದು ನಿಮಿಷ ತೆವಳುತ್ತಿದೆ ಎಂದರೆ ಗಾಜಿನ ಮೇಲೆ ಏನೋ ಕೂತಿದೆ.

ಕೂತಿರುವುದು ಹೆಚ್ಚಾಗಿ ಪಾಚಿಯ ಲೋಳೆ, ಇಲ್ಲವೇ ಸುಣ್ಣದ ಬಿಳಿ ಪದರ. ಲೋಳೆಯಾದರೆ ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಹನಿ ಬೆರೆಸಿದ ನೀರು, ಸುಣ್ಣವಾದರೆ ಬಿಳಿ ವಿನೆಗರಿನಲ್ಲಿ ಹತ್ತು ನಿಮಿಷ. ತೊಳೆದ ಮೇಲೆ ಕೆಲವು ಗಂಟೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿಟ್ಟು, ಆಮೇಲೆ ಕ್ಯಾಲಿಬ್ರೇಟ್ ಮಾಡಬೇಕು. ಪ್ರೋಬನ್ನು ಎತ್ತಿಡಬೇಕಾದಾಗಲೂ ಇದೇ ದ್ರಾವಣ. 100 ಮಿ.ಲೀ. ಡಿಸ್ಟಿಲ್ಡ್ ವಾಟರಿನ ದ್ರಾವಣಕ್ಕೆ 22 ಗ್ರಾಂ ಶುದ್ಧ ಪೊಟ್ಯಾಸಿಯಂ ಕ್ಲೋರೈಡ್ ಲೆಕ್ಕ. ಗೊಬ್ಬರದಂಗಡಿಯ ಕೆಂಪು ಪೊಟ್ಯಾಷ್ ಅಲ್ಲ, ಪ್ರಯೋಗಾಲಯಕ್ಕೆ ಮಾರುವ ಬಿಳಿ ಪುಡಿ. ಶುದ್ಧವಾಗಿದೆ ಎಂದು ಡಿಸ್ಟಿಲ್ಡ್ ವಾಟರಿನಲ್ಲೇ ಮುಳುಗಿಸಿಟ್ಟರೆ ಪ್ರೋಬಿನೊಳಗಿನ ಲವಣ ನಿಧಾನಕ್ಕೆ ಹೊರಗೆ ಹೋಗಿ ಅದು ಬೇಗ ಸಾಯುತ್ತದೆ. ಒಣಗಲು ಬಿಟ್ಟರಂತೂ ಕೇಳುವುದೇ ಬೇಡ.

ಉಷ್ಣಾಂಶದ ಬಗ್ಗೆ ಒಂದು ಮಾತು. ಮೀಟರಿನಲ್ಲಿ ತಾನಾಗಿ ಉಷ್ಣಾಂಶ ಸರಿದೂಗಿಸುವ ವ್ಯವಸ್ಥೆ ಇದ್ದರೆ ಅದು ಸರಿಮಾಡುವುದು ಗಾಜಿನ ವರ್ತನೆಯನ್ನು ಮಾತ್ರ, ದ್ರಾವಣದ್ದನ್ನಲ್ಲ. ಬಫರು ಮನೆಯೊಳಗೆ ತಣ್ಣಗಿದ್ದು, ಡ್ರಮ್ಮಿನ ನೀರು ಏಪ್ರಿಲ್ ಬಿಸಿಲಿಗೆ 34 ಡಿಗ್ರಿ ಮುಟ್ಟಿದ್ದರೆ ಎರಡನ್ನೂ ಒಂದೇ ಹದಕ್ಕೆ ತರುವುದು ಒಳ್ಳೆಯದು. ಬಫರಿನ ಮುಚ್ಚಿದ ಬಾಟಲಿಯನ್ನು ಅರ್ಧ ಗಂಟೆ ಡ್ರಮ್ಮಿನಲ್ಲಿ ತೇಲಿಬಿಟ್ಟರೆ ಆಯಿತು.

ಇಷ್ಟಾದ ಮೇಲೂ ಡ್ರಮ್ಮಿನಲ್ಲಿ ಓದು ಕುಣಿಯುತ್ತಿದ್ದರೆ ಬೈಯಬೇಕಾದ್ದು ಪ್ರೋಬನ್ನಲ್ಲ. ಅದೇ ನೀರನ್ನು ಗಾಜಿನ ಲೋಟಕ್ಕೆ ತೆಗೆದುಕೊಂಡು ಅಳೆಯಿರಿ. ಲೋಟದಲ್ಲಿ 5.9 ಎಂದು ನೆಟ್ಟಗೆ ನಿಂತು, ಡ್ರಮ್ಮಿನಲ್ಲಿ 6.4 ತೋರಿಸಿದರೆ ನೀರಿನೊಳಗಿನ ಮುಳುಗು ಪಂಪಿನಿಂದಲೋ, ಪಕ್ಕದಲ್ಲೇ ಇಟ್ಟಿರುವ ಇಸಿ ಪ್ರೋಬಿನಿಂದಲೋ ವಿದ್ಯುತ್ತು ಸೋರುತ್ತಿದೆ ಎಂದರ್ಥ. ಮುಳುಗು ಪಂಪಿನ ಸ್ವಿಚ್ ಆರಿಸಿದ ಕೂಡಲೇ ಅಂಕಿ ಸರಿಯಾದರೆ ಆ ಪಂಪನ್ನೇ ಬದಲಿಸಿ. ಅದು ಪ್ರೋಬಿಗಿಂತ ಹೆಚ್ಚಾಗಿ ನಿಮ್ಮ ಕೈಗೆ ಅಪಾಯ.

ಇನ್ನು ಡೋಸಿಂಗ್ ಪಂಪಿಗೆ ಬರೋಣ. ಪೆರಿಸ್ಟಾಲ್ಟಿಕ್ ಪಂಪು ಎಂದು ಉದ್ದದ ಹೆಸರಿದ್ದರೂ ಯಂತ್ರ ಬಹಳ ಸರಳ. ಅರ್ಧಚಂದ್ರಾಕಾರದ ಗೂಡಿನಲ್ಲಿ ಮೆತ್ತನೆಯ ಟ್ಯೂಬೊಂದು ಬಾಗಿ ಕೂತಿರುತ್ತದೆ, ಮಧ್ಯದಲ್ಲಿ ಎರಡೋ ಮೂರೋ ಉರುಳೆಗಳನ್ನು ಹೊತ್ತ ಚಕ್ರ ತಿರುಗುತ್ತದೆ. ಮಕ್ಕಳು ಪೆಪ್ಸಿ ಐಸಿನ ಪ್ಲಾಸ್ಟಿಕ್ ಕೊಳವೆಯನ್ನು ಎರಡು ಬೆರಳಲ್ಲಿ ಒತ್ತಿ ಮೇಲಕ್ಕೆ ಜಾರಿಸುವ ಹಾಗೆ ಉರುಳೆ ಟ್ಯೂಬನ್ನು ಒತ್ತುತ್ತಾ ದ್ರವವನ್ನು ಮುಂದಕ್ಕೆ ತಳ್ಳುತ್ತದೆ. ದ್ರವ ತಾಗುವುದು ಟ್ಯೂಬಿನ ಒಳಮೈಗೆ ಮಾತ್ರ, ಮೋಟರಿಗಾಗಲಿ ಉರುಳೆಗಾಗಲಿ ತಾಗುವುದಿಲ್ಲ. ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಓಡಿಸುವುದಕ್ಕೂ ಇದನ್ನೇ ಬಳಸುತ್ತಾರೆ. ಆಸಿಡಿಗೂ ಅದಕ್ಕೇ ಇದು ಒಪ್ಪುತ್ತದೆ. ಹನ್ನೆರಡು ವೋಲ್ಟಿನ ಸಣ್ಣ ಪಂಪು ನಮ್ಮ ಕೆಲಸಕ್ಕೆ ಬೇಕಾದಷ್ಟಾಯಿತು.

ಪಂಪಿಗೂ ಕ್ಯಾಲಿಬ್ರೇಷನ್ ಇದೆ. ಡಬ್ಬದ ಮೇಲೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಬರೆದಿರುವುದು ಹೊಸ ಟ್ಯೂಬು, ನೀರು ಮತ್ತು ಸಮತಟ್ಟಾದ ಮೇಜಿನ ಲೆಕ್ಕ. ನಿಮ್ಮ ಟ್ಯೂಬಿನ ಉದ್ದ, ನಿಮ್ಮ ಅಡಾಪ್ಟರಿನ ವೋಲ್ಟೇಜು, ಬಾಟಲಿಯಿಂದ ಡ್ರಮ್ಮಿನ ಬಾಯಿಗೆ ಇರುವ ಎತ್ತರ ಎಲ್ಲವೂ ಬೇರೆ. ಪಂಪನ್ನು ಅದರ ಜಾಗದಲ್ಲೇ ಕೂರಿಸಿ, ಟ್ಯೂಬಿನ ತುದಿಯವರೆಗೂ ದ್ರವ ತುಂಬಿ ಗಾಳಿಯ ಗುಳ್ಳೆ ಹೋಗುವ ತನಕ ಓಡಿಸಿ. ಆಮೇಲೆ ತುದಿಯನ್ನು ಅಳತೆ ಜಾಡಿಗೆ ಹಿಡಿದು ಸರಿಯಾಗಿ ಅರವತ್ತು ಸೆಕೆಂಡು ಓಡಿಸಿ ನೋಡಿ. ಹೀಗೆ ಮೂರು ಸಲ. 42, 41.5, 42.5 ಬಂದರೆ 42 ಎಂದು ಹಿಡಿಯಿರಿ. ಮೂರೂ ದೂರ ದೂರ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ನೀರು ಹಾಯಿಸಿ ತೂಕ ಮಾಡುವುದು ಇನ್ನೂ ನಿಖರ, ನೀರಿನ ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್. ಟ್ಯೂಬು ಒತ್ತಿಸಿಕೊಂಡು ಒತ್ತಿಸಿಕೊಂಡು ಸವೆಯುವುದರಿಂದ ಈ ಅಂಕಿ ತಿಂಗಳು ಕಳೆದಂತೆ ಇಳಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು.

ಈ ಪಂಪಿನ ಒಂದು ಸ್ವಭಾವ ಗೊತ್ತಿರಲಿ. ದ್ರವ ಒಂದೇ ಸಮನೆ ಬರುವುದಿಲ್ಲ, ಉರುಳೆ ದಾಟಿದಾಗಲೆಲ್ಲ ಒಂದೊಂದು ಗುಟುಕಾಗಿ ಬೀಳುತ್ತದೆ. ಐದು ಮಿಲಿಲೀಟರ್ ಹಾಕುವಾಗ ಒಂದು ಗುಟುಕು ಹೆಚ್ಚುಕಡಿಮೆಯಾದರೆ ಲೆಕ್ಕಕ್ಕಿಲ್ಲ. ಅರ್ಧ ಮಿಲಿಲೀಟರ್ ಹಾಕಲು ಹೋದರೆ ಅದೇ ಗುಟುಕು ದೊಡ್ಡ ತಪ್ಪಾಗುತ್ತದೆ. ಇದಕ್ಕೆ ದುಬಾರಿ ಪಂಪು ತರಬೇಕಿಲ್ಲ, ಆಸಿಡನ್ನು ತೆಳುಮಾಡಿದರೆ ಸಾಕು. ನೂರಕ್ಕೆ 85ರ ಫಾಸ್ಫಾರಿಕ್ ಆಸಿಡ್ ಒಂದು ಪಾಲಿಗೆ ಒಟ್ಟು ಹತ್ತು ಪಾಲಾಗುವಷ್ಟು ನೀರು. ನೀರನ್ನು ಮೊದಲು ತೆಗೆದುಕೊಂಡು ಅದಕ್ಕೆ ಆಸಿಡನ್ನು ನಿಧಾನವಾಗಿ ಸುರಿಯಬೇಕು, ಆಸಿಡಿಗೆ ನೀರನ್ನಲ್ಲ. ಕನ್ನಡಕ, ಕೈಗವಸು ಹಾಕಿಕೊಂಡೇ ಮಾಡುವ ಕೆಲಸ ಇದು. ತೆಳು ಆಸಿಡಿಗೆ ಸಿಲಿಕೋನ್ ಟ್ಯೂಬು ಕೂಡ ಹೆಚ್ಚು ದಿನ ತಡೆಯುತ್ತದೆ.

ಈಗ ಡ್ರಮ್ಮಿಗೆ ಎಷ್ಟು ಬೇಕು? ಅದು ನೀರಿನ ಮೇಲೆ ನಿಂತಿದೆ, ಪಿಎಚ್ ಅಂಕಿಯ ಮೇಲಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ. ಆಸಿಡ್ ಹಾಕಿದಾಗ ಮೊದಲು ಅದನ್ನು ನುಂಗುವುದು ಈ ಬೈಕಾರ್ಬನೇಟೇ. ನೀರಿನ ಪರೀಕ್ಷೆಯ ವರದಿಯಲ್ಲಿ ಕ್ಷಾರತೆ ಲೀಟರಿಗೆ 150 ಮಿಲಿಗ್ರಾಂ ಎಂದು ಬಂದಿದೆ ಎಂದುಕೊಳ್ಳಿ. ಅಂಥ ನೂರು ಲೀಟರನ್ನು 5.8ಕ್ಕೆ ಇಳಿಸಲು ಮೇಲೆ ಹೇಳಿದ ತೆಳು ಆಸಿಡ್ ಸುಮಾರು 150 ಮಿ.ಲೀ. ಬೇಕಾಗುತ್ತದೆ. ಲೆಕ್ಕ ಬೇಡದವರು ಹತ್ತು ಲೀಟರಿನ ಬಕೆಟ್ಟಿನಲ್ಲಿ ಪ್ರಯೋಗ ಮಾಡಬಹುದು: ಸಿರಿಂಜಿನಲ್ಲಿ ಒಂದೊಂದೇ ಮಿ.ಲೀ. ಹಾಕಿ ಕಲಕುತ್ತಾ, 5.8 ಬಂದಾಗ ಎಷ್ಟಾಯಿತೆಂದು ನೋಡಿ ಹತ್ತರಿಂದ ಗುಣಿಸಿ. ಪೋಷಕ ದ್ರಾವಣವನ್ನು ಮೊದಲೇ ಬೆರೆಸಿರಬೇಕು, ಅದೂ ಪಿಎಚ್ ಅನ್ನು ಸ್ವಲ್ಪ ಇಳಿಸುತ್ತದೆ.

ಈ ಲೆಕ್ಕದಲ್ಲಿ ಎದೆ ಝಲ್ಲೆನಿಸುವ ಭಾಗ ಇನ್ನು ಮುಂದಿದೆ. 5.8 ತಲುಪುವಷ್ಟರಲ್ಲಿ ಬೈಕಾರ್ಬನೇಟಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಖರ್ಚಾಗಿಬಿಟ್ಟಿರುತ್ತದೆ. ತಡೆಯುವವರು ಉಳಿದಿರುವುದು ಕೊಂಚವೇ. ಅಲ್ಲಿಂದ ನಾಲ್ಕೂವರೆಗೆ ಕುಸಿಯಲು ಇನ್ನು ಸುಮಾರು 50 ಮಿ.ಲೀ. ಸಾಕು. ನಿಮಿಷಕ್ಕೆ 42 ಮಿ.ಲೀ. ಕೊಡುವ ಪಂಪಿಗೆ ಅದು ಒಂದು ನಿಮಿಷ ಹನ್ನೊಂದು ಸೆಕೆಂಡಿನ ಕೆಲಸ. ಪ್ರೋಬು ಸುಳ್ಳು ಹೇಳಿದರೆ ಬೆಳೆ ಕೆಡಲು ರಾತ್ರಿಯಿಡೀ ಬೇಕಿಲ್ಲ, ನೀವು ಕಾಫಿ ಲೋಟ ಒಲೆಯಿಂದ ಇಳಿಸುವಷ್ಟು ಹೊತ್ತು ಸಾಕು.

ಆದ್ದರಿಂದ ಮೊದಲ ದೊಡ್ಡ ಡೋಸನ್ನು ಕೈಯಲ್ಲೇ ಹಾಕಿ ಮುಗಿಸುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಪಂಪಿಗೆ ಬಿಡಬೇಕಾದ್ದು ದಿನದಿನದ ಸಣ್ಣ ತಿದ್ದುಪಡಿ. ಗಿಡ ನೈಟ್ರೇಟ್ ಹೀರಿದಂತೆಲ್ಲ, ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋದಂತೆಲ್ಲ ಪಿಎಚ್ ಮೆಲ್ಲಗೆ ಏರುತ್ತದೆ. ಸಂಜೆ 5.8 ಮಾಡಿಟ್ಟದ್ದು ಮರುದಿನ 6.2 ಆಗಿರುವುದು ಸಹಜ. ಇದಕ್ಕೆ ಹತ್ತರಿಂದ ಹದಿನೈದು ಮಿ.ಲೀ. ತೆಳು ಆಸಿಡ್ ಸಾಕಾಗಬಹುದು. ಕಂಟ್ರೋಲರಿಗೆ ಹೀಗೆ ಹೇಳಿಡಿ: 6.2 ದಾಟಿದರೆ ಐದು ಮಿ.ಲೀ. ಹಾಕು, ಅಂದರೆ ಏಳು ಸೆಕೆಂಡು ಓಡು. ಆಮೇಲೆ ಹದಿನೈದು ನಿಮಿಷ ಸುಮ್ಮನಿರು, ನೀರು ಪೈಪುಗಳಲ್ಲಿ ಸುತ್ತಿ ಬೆರೆಯಲಿ. ಮತ್ತೆ ಅಳೆ. ಮೂರು ಸಲ ಹಾಕಿದ ಮೇಲೂ ಓದು ಒಂದು ದಶಾಂಶವೂ ಕದಲದಿದ್ದರೆ ನಿಲ್ಲಿಸಿ ಅಲಾರಂ ಕೊಡು. ಯಾಕೆಂದರೆ ಬದುಕಿರುವ ಪ್ರೋಬು ಅಷ್ಟು ಆಸಿಡಿಗೆ ಕದಲಲೇಬೇಕು, ಏಳಕ್ಕೆ ಅಂಟಿಕೊಂಡು ಕೂತ ಪ್ರೋಬು ಸಿಕ್ಕಿಬೀಳುವುದು ಇಲ್ಲೇ. ಇನ್ನು ಏನೇ ಆದರೂ ದಿನಕ್ಕೆ ಮೂವತ್ತು ಮಿ.ಲೀ. ಮೀರಬಾರದು. ಮೂವತ್ತು ಎಂದು ಆರಿಸಿದ್ದಕ್ಕೆ ಕಾರಣ ಆ ಐವತ್ತು. ಪ್ರೋಬು ಪೂರ್ತಿ ಕೆಟ್ಟಿದ್ದರೂ ಒಂದು ದಿನದಲ್ಲಿ ನೀರು ನಾಲ್ಕೂವರೆ ಮುಟ್ಟುವುದಿಲ್ಲ, ನಿಮಗೆ ನೋಡಿ ಸರಿಪಡಿಸಲು ಒಂದು ದಿನ ಸಿಗುತ್ತದೆ. ನಿಮ್ಮ ನೀರು ಮೆದುವಾಗಿದ್ದರೆ, ಉದಾಹರಣೆಗೆ ಮಳೆನೀರೋ ಆರ್‌ಒ ನೀರೋ ಆದರೆ, ಬಕೆಟ್ ಪ್ರಯೋಗದಲ್ಲಿ 5.8ರಿಂದ 4.5ಕ್ಕೆ ಎಷ್ಟು ಬೇಕಾಯಿತೆಂದು ನೋಡಿ ಈ ಮಿತಿಯನ್ನು ಇನ್ನೂ ಕೆಳಗಿಡಬೇಕು.

ಪ್ರೋಗ್ರಾಮಿನ ಮಿತಿಯೊಂದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ. ರಿಲೇ ಅಂಟಿಕೊಂಡರೆ ಪಂಪು ಯಾರ ಮಾತೂ ಕೇಳದೆ ಓಡುತ್ತದೆ. ಹಾಗಾಗಿ ಆಸಿಡ್ ಬಾಟಲಿಗೆ ಒಂದೆರಡು ದಿನಕ್ಕೆ ಬೇಕಾದಷ್ಟೇ ತುಂಬುವುದು ಒಳ್ಳೆಯದು. ಇಲ್ಲದ ಆಸಿಡನ್ನು ಯಾವ ಪಂಪೂ ಸುರಿಯಲಾರದು. ನಾಲ್ಕು ದಿನ ಊರಿಗೆ ಹೋಗುವವರು ಬಾಟಲಿ ತುಂಬಿಸಿಟ್ಟು ಹೋಗುವುದಕ್ಕಿಂತ, ಪಿಎಚ್ ಸ್ವಲ್ಪ ಏರಿದರೂ ಏರಲಿ ಎಂದು ಅರ್ಧಕ್ಕೇ ಬಿಟ್ಟು ಹೋಗುವುದು ಮೇಲು. 6.8ರಲ್ಲಿ ಎಲೆ ಹಳದಿಯಾಗಬಹುದು, ಗಿಡ ಸಾಯುವುದಿಲ್ಲ. ಬಾಟಲಿಯನ್ನು ಡ್ರಮ್ಮಿನ ನೀರಿನ ಮಟ್ಟಕ್ಕಿಂತ ಕೆಳಗಿಡಿ. ಟ್ಯೂಬಿನ ತುದಿ ನೀರಿನಲ್ಲಿ ಮುಳುಗದೆ ಮೇಲಿಂದ ಹನಿ ಬೀಳುವ ಹಾಗಿರಲಿ. ಟ್ಯೂಬು ಸವೆದು ಉರುಳೆಯ ಒತ್ತು ಸಡಿಲವಾದಾಗ, ಎತ್ತರದಲ್ಲಿಟ್ಟ ಬಾಟಲಿಯ ಆಸಿಡ್ ಪಂಪು ನಿಂತಿದ್ದರೂ ತಾನಾಗಿ ಇಳಿದುಬರುತ್ತದೆ. ಪಿಎಚ್ ಏರಿಸುವುದಕ್ಕೆಂದು ಇನ್ನೊಂದು ಪಂಪು ಇಡುವ ಆಸೆಯೂ ಬೇಡ. ಒಂದು ಇಳಿಸುವುದು, ಇನ್ನೊಂದು ಏರಿಸುವುದು, ರಾತ್ರಿಯೆಲ್ಲ ಜಗಳವಾಡಿ ನೀರಿನಲ್ಲಿ ಲವಣ ತುಂಬಿಸುತ್ತವೆ ಅಷ್ಟೆ.

ಫಾಸ್ಫಾರಿಕ್ ಆಸಿಡಿನ ಬಗ್ಗೆ ಒಂದು ತಕರಾರು ಇದೆ. ಮೇಲಿನ ಗಡಸು ನೀರಿಗೆ 150 ಮಿ.ಲೀ. ಹಾಕಿದರೆ ಲೀಟರಿಗೆ ಸುಮಾರು 70 ಮಿಲಿಗ್ರಾಂ ರಂಜಕವೂ ಸೇರಿಹೋಗುತ್ತದೆ. ಸೊಪ್ಪಿಗೆ ಒಟ್ಟಾರೆ ಬೇಕಾದದ್ದೇ 30ರಿಂದ 50. ಅಂಥ ನೀರಿರುವವರು ಆಸಿಡ್ ಹೆಚ್ಚಿಸುವ ಬದಲು ಅರ್ಧಕ್ಕರ್ಧ ಮಳೆನೀರು ಬೆರೆಸಿದರೆ ಆಸಿಡೂ ಅರ್ಧಕ್ಕಿಳಿಯುತ್ತದೆ.

ಪೋಷಕಾಂಶ ಹಾಕುವ ಪಂಪುಗಳದ್ದು ಇಷ್ಟು ಅಪಾಯದ ಕೆಲಸವಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಣ್ಣಿಲ್ಲದ ಬೇಸಾಯಕ್ಕೆಂದು ಕೊಡುವ ಅರ್ಕ ಸಸ್ಯ ಪೋಷಕ ರಸವೂ ಸೇರಿದಂತೆ ಇಂಥ ದ್ರಾವಣಗಳು ‘ಎ’ ಮತ್ತು ‘ಬಿ’ ಎಂದು ಎರಡು ಬಾಟಲಿಯಲ್ಲಿ ಬರುತ್ತವೆ. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸಲ್ಫೇಟು, ಫಾಸ್ಫೇಟು ಇರುವುದು ಸಾಮಾನ್ಯ. ಗಟ್ಟಿಯಾಗಿರುವಾಗಲೇ ಇವು ಸೇರಿದರೆ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತವೆ, ಟ್ಯೂಬೂ ಕಟ್ಟುತ್ತದೆ. ಹಾಗಾಗಿ ಎರಡು ಪಂಪು, ಎರಡು ಟ್ಯೂಬು, ಒಂದು ಹಾಕಿ ನೀರಿನಲ್ಲಿ ಬೆರೆತ ಮೇಲೆ ಇನ್ನೊಂದು. ಎಷ್ಟು ಹಾಕಬೇಕೆಂಬುದನ್ನು ಹೇಳುವುದು ನೀರಿನ ವಿದ್ಯುತ್ ವಾಹಕತೆ, ಬೆಳೆಯುವವರ ಬಾಯಲ್ಲಿ ‘ಇಸಿ’. ನೂರು ಲೀಟರಿಗೆ ಎರಡೂ ಒಂದೊಂದು ಲೀಟರ್ ಹಾಕಿದಾಗ ಇಸಿ 1.6 ಏರುತ್ತದೆ ಎಂದು ಒಮ್ಮೆ ನೋಡಿಟ್ಟುಕೊಂಡಿದ್ದೀರಿ ಎನ್ನೋಣ. ಇವತ್ತು 1.1 ಇದೆ, 1.4 ಬೇಕು. ಕೊರತೆ 0.3. ಹಾಗಾದರೆ ಎರಡೂ ತಲಾ 187 ಮಿ.ಲೀ. ಬೇಕು. ಮೊದಲು 130 ಹಾಕಿ, ಅಂದರೆ ಮೂರು ನಿಮಿಷ ಚಿಲ್ಲರೆ ಓಡಿಸಿ, ಅರ್ಧ ಗಂಟೆ ಬಿಟ್ಟು ಅಳೆದು ಉಳಿದದ್ದನ್ನು ನೋಡಿಕೊಳ್ಳುವುದು ಜಾಣತನ. ಬಿಸಿಲುಗಾಲದಲ್ಲಿ ಗಿಡ ಪೋಷಕಾಂಶಕ್ಕಿಂತ ಹೆಚ್ಚಾಗಿ ನೀರನ್ನೇ ಕುಡಿಯುತ್ತದೆ. ಆಗ ಇಸಿ ಇಳಿಯುವ ಬದಲು ಏರುತ್ತದೆ, ಬೇಕಾಗುವುದು ಬರೀ ನೀರು. ಪಂಪು ಸೇರಿಸಬಲ್ಲದೇ ಹೊರತು ತೆಗೆಯಲಾರದು.

ಪ್ರೋಬನ್ನು ಮತ್ತೆ ಯಾವಾಗ ನೋಡಬೇಕು? ಪಂಪಿಗೆ ಜೋಡಿಸಿದ್ದಾದರೆ ವಾರಕ್ಕೊಮ್ಮೆ ಎರಡೂ ಬಫರಿನಲ್ಲಿ ಅದ್ದಿ ನೋಡುವುದು, ತಿಂಗಳಿಗೊಮ್ಮೆ ಕ್ಯಾಲಿಬ್ರೇಟ್ ಮಾಡುವುದು ಸಾಕು. ಬಫರಿನ ಓದು ಒಂದು ದಶಾಂಶದೊಳಗೇ ಇದ್ದರೆ ಗುಂಡಿ ಒತ್ತುವ ಗೋಜಿಗೇ ಹೋಗಬೇಡಿ. ಎರಡು ಬಫರಿನಲ್ಲೂ ನೋಡಬೇಕು, 6.86 ಒಂದರಲ್ಲೇ ನೋಡಿದರೆ ಸತ್ತ ಪ್ರೋಬೂ ಹೆಚ್ಚುಕಡಿಮೆ ಪಾಸಾಗಿಬಿಡುತ್ತದೆ. ಅದನ್ನು ಹಿಡಿದುಕೊಡುವುದು 4.01ರ ಲೋಟ.

ಇದರ ನಡುವಿನ ದಿನಗಳಲ್ಲಿ ಕಾವಲಿಗೆ ಇರುವುದು ಪಂಪಿನ ಲೆಕ್ಕವೇ. ದಿನಕ್ಕೆ ಎಷ್ಟು ಮಿ.ಲೀ. ಆಸಿಡ್ ಹೋಯಿತೆಂದು ಕಂಟ್ರೋಲರ್ ಬರೆದಿಡುವ ಹಾಗೆ ಮಾಡಿ, ಅದಿಲ್ಲದಿದ್ದರೆ ಬಾಟಲಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಹತ್ತು, ಹನ್ನೆರಡು, ಹನ್ನೊಂದು ಎಂದು ಹೋಗುತ್ತಿದ್ದದ್ದು ಒಂದು ದಿನ ಇದ್ದಕ್ಕಿದ್ದಂತೆ ಮೂವತ್ತಕ್ಕೆ ಬಂದು ನಿಂತರೆ ಎರಡರಲ್ಲಿ ಒಂದು ಆಗಿರುತ್ತದೆ. ಪ್ರೋಬು ಕೆಟ್ಟಿರಬೇಕು, ಇಲ್ಲವೇ ಮನೆಯವರು ಡ್ರಮ್ಮಿಗೆ ಹೊಸ ನೀರು ತುಂಬಿಸಿರಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದಾಗ ಇದು ಸಾಮಾನ್ಯ, ಒಂದೊಂದು ಟ್ಯಾಂಕರಿನದು ಒಂದೊಂದು ಬೋರ್‌ವೆಲ್. ಪ್ರೋಬನ್ನು 4.01ರಲ್ಲಿ ಅದ್ದಿದಾಗ ಸರಿಯಾಗಿ ನಾಲ್ಕು ತೋರಿಸಿತೆಂದರೆ ಬದಲಾದದ್ದು ನೀರು. ಬಕೆಟ್ಟು, ಸಿರಿಂಜು ತೆಗೆದುಕೊಂಡು ಆ ನೀರಿನ ಲೆಕ್ಕವನ್ನು ಮೊದಲಿಂದ ಮಾಡಿ, ದಿನದ ಮಿತಿಯನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು.